ನಿಂತು ತೆಗೆದ ಫೋಟೋದಲ್ಲಿ ಕಾಲಿನ ಉಬ್ಬಿದ ನರ, ಬಾವು: ಡಾಕ್ಟರಿಗೆ ಏನಂತ ಬರೆದು ಕಳಿಸೋದು?

ಹಾಸನದ ಹುಡುಗ
ಚಿಕ್ಕಪ್ಪನಿಗೆ 54 ವರ್ಷ. ಹೋಟೆಲಿನಲ್ಲಿ ದೋಸೆ ಕಾವಲಿ ಮುಂದೆ ದಿನಕ್ಕೆ ಹತ್ತು ಗಂಟೆ ನಿಲ್ಲುವ ಕೆಲಸ. ಎಡಗಾಲಿನ ನರಗಳು ಹಾವಿನ ಹಾಗೆ ಸುತ್ತಿಕೊಂಡಿವೆ, ಸಂಜೆ ಹೊತ್ತಿಗೆ ಪಾದ ಬಾತುಕೊಳ್ಳುತ್ತದೆ. ಬೆಂಗಳೂರಿನ ಒಬ್ಬ ಡಾಕ್ಟರು ಮೊದಲು ವಾಟ್ಸಾಪಿನಲ್ಲಿ ಫೋಟೋ, ಜೊತೆಗೆ ನಾಲ್ಕು ಸಾಲು ವಿವರ ಕಳಿಸಿ ಅಂದಿದ್ದಾರೆ. ಮಂಚದ ಮೇಲೆ ಮಲಗಿಸಿ ಫೋಟೋ ತೆಗೆದೆ, ಅದರಲ್ಲಿ ನರವೇ ಕಾಣುತ್ತಿಲ್ಲ! ಹೇಗೆ ತೆಗೆಯಬೇಕು, ಏನು ಬರೆಯಬೇಕು? ಎಷ್ಟು ಬೇಗ ತೋರಿಸಬೇಕು ಅನ್ನೋದೂ ಗೊತ್ತಾದರೆ ಒಳ್ಳೇದು.

ಗಿರೀಶ್ ತಿಪಟೂರು
ಮಲಗಿದರೆ ರಕ್ತ ಇಳಿದುಹೋಗುತ್ತೆ, ಅದಕ್ಕೇ ಕಾಣಲ್ಲ. ನಿಲ್ಲಿಸಿ ತೆಗೀರಿ. ನರ ಎಷ್ಟು ದಪ್ಪ ಇದೆ ಅನ್ನೋದೊಂದು ಚೆನ್ನಾಗಿ ಕಂಡರೆ ಸಾಕು. ದಪ್ಪ ಇದ್ದಷ್ಟೂ ಕಾಯಿಲೆ ಮುಂದುವರಿದಿದೆ ಅಂತ ಲೆಕ್ಕ.

ಡಾಪ್ಲರ್ ಸುಮಾ
ಗಿರೀಶ್ ಅವರ ಮೊದಲರ್ಧ ಸರಿ, ಎರಡನೇ ಅರ್ಧ ತಪ್ಪು. ಬೆರಳು ಗಾತ್ರದ ನರ ಇದ್ದೂ ಇಪ್ಪತ್ತು ವರ್ಷ ಚರ್ಮ ಚೆನ್ನಾಗಿಯೇ ಇರುವವರಿದ್ದಾರೆ. ನರ ಹೊರಗೆ ಅಷ್ಟಾಗಿ ಕಾಣದೆಯೇ ಗಿಣ್ಣಿನ ಮೇಲೆ ಹುಣ್ಣಾಗುವವರೂ ಇದ್ದಾರೆ. ಡಾಕ್ಟರು ಫೋಟೋದಲ್ಲಿ ಮೊದಲು ಹುಡುಕುವುದು ಒಳಗಿನ ಗಿಣ್ಣಿನ ಮೇಲಿನ ಒಂದು ಅಂಗೈ ಅಗಲದ ಚರ್ಮವನ್ನು. ಅದರ ಬಣ್ಣ, ಹೊಳಪು, ಗಟ್ಟಿತನ ನೋಡುತ್ತಾರೆ. ನರದ ದಪ್ಪ ಆಮೇಲಿನ ಮಾತು.

ಫೋಟೋ ತೆಗೆಯುವ ಕ್ರಮ ಹೇಳ್ತೀನಿ. ಸಂಜೆ ಕೆಲಸ ಮುಗಿಸಿ ಬಂದ ಮೇಲೆ ತೆಗೆಯಿರಿ, ಬೆಳಗ್ಗೆ ಎದ್ದ ಕೂಡಲೇ ಬೇಡ. ಐದು ನಿಮಿಷ ಸುಮ್ಮನೆ ನಿಲ್ಲಿಸಿ, ಅಷ್ಟರಲ್ಲಿ ನರಗಳು ತುಂಬಿಕೊಳ್ಳುತ್ತವೆ. ಪಂಚೆಯನ್ನು ತೊಡೆಸಂದಿನವರೆಗೆ ಮೇಲೆತ್ತಿ ಕಟ್ಟಿಸಿ. ಬರೀ ಮೀನಖಂಡದ ಫೋಟೋ ಕಳಿಸಿದರೆ ನಾಳದಲ್ಲಿ ರಕ್ತ ಹಿಂದಕ್ಕೆ ಸೋರೋದು ಎಲ್ಲಿಂದ ಶುರುವಾಗಿದೆ ಅನ್ನೋ ಸುಳಿವೇ ಸಿಗುವುದಿಲ್ಲ. ಯಾವ ಕಾಲನ್ನು ತೋರಿಸಬೇಕೋ ಆ ಮಂಡಿಯನ್ನು ಸ್ವಲ್ಪ ಬಾಗಿಸಿ, ಭಾರವನ್ನು ಇನ್ನೊಂದು ಕಾಲಿನ ಮೇಲೆ ಹಾಕಿಸಿ. ಮೀನಖಂಡ ಬಿಗಿ ಹಿಡಿದುಕೊಂಡರೆ ನರದ ಉಬ್ಬು ಸರಿಯಾಗಿ ಕಾಣುವುದಿಲ್ಲ. ಬೀಳದ ಹಾಗೆ ಗೋಡೆ ಹಿಡಿದುಕೊಳ್ಳಲಿ.

ಕ್ಯಾಮೆರಾ ಮಂಡಿ ಎತ್ತರದಲ್ಲಿರಲಿ, ಕಾಲಿನಿಂದ ಒಂದೂವರೆ ಎರಡು ಮೀಟರ್ ದೂರ. ಎಲ್ಲರೂ ನಿಂತುಕೊಂಡೇ ಮೇಲಿಂದ ಕೆಳಕ್ಕೆ ಹಿಡೀತಾರೆ, ಆಗ ತೊಡೆ ದಪ್ಪವಾಗಿ ಪಾದ ಚಿಕ್ಕದಾಗಿ ಬಂದು ಬಾವೇ ಇಲ್ಲದ ಹಾಗೆ ಕಾಣುತ್ತದೆ. 0.5 ಅಂತ ಬರುವ ಅಗಲದ ಲೆನ್ಸ್ ಬೇಡ, ಅದು ಅಂಚಿನಲ್ಲಿರುವ ಕಾಲನ್ನು ಎಳೆದು ದಪ್ಪ ಮಾಡುತ್ತದೆ. ಫ್ಲ್ಯಾಶ್ ಆರಿಸಿ. ಎದುರಿನಿಂದ ಬೆಳಕು ಬಿದ್ದರೆ ಉಬ್ಬು ತಗ್ಗು ಎಲ್ಲ ಸಪಾಟಾಗುತ್ತದೆ. ಕಿಟಕಿಯ ಬೆಳಕು ಒಂದು ಪಕ್ಕದಿಂದ ಬೀಳಲಿ, ನರದ ಇನ್ನೊಂದು ಬದಿಗೆ ನೆರಳು ಬಿದ್ದಾಗಲೇ ಅದರ ಉಬ್ಬು ಗೊತ್ತಾಗುವುದು. ಮುಂದಿನಿಂದ, ಹಿಂದಿನಿಂದ, ಒಳಬದಿಯಿಂದ ತೆಗೆಯಿರಿ. ಮುಂದಿನದರಲ್ಲೂ ಹಿಂದಿನದರಲ್ಲೂ ಎರಡೂ ಕಾಲು ಒಂದೇ ಫೋಟೋದಲ್ಲಿ ಬರಲೇಬೇಕು. ಆಮೇಲೆ ಗಿಣ್ಣಿನ ಹತ್ತಿರದಿಂದ ಒಂದು, ಪಕ್ಕದಲ್ಲಿ ದರ್ಜಿ ಟೇಪ್ ಹಿಡಿದು. ಎಡ ಯಾವುದು ಬಲ ಯಾವುದು ಅಂತ ಬರೆಯೋದು ಮರೀಬೇಡಿ. ಹಿಂದಿನಿಂದ ತೆಗೆದ ಫೋಟೋದಲ್ಲಿ ಎಂಥವರಿಗೂ ಗೊಂದಲ ಆಗುತ್ತೆ.

ಕಮಲಾ ಸಾಗರ
ಮೇಡಂ, ನನಗೆ ಎರಡನೇ ಬಾಣಂತನದ ನಂತರ ತೊಡೆಯ ಹೊರಗಡೆ ನೀಲಿ-ಕೆಂಪು ದಾರದ ಥರ ಗೆರೆಗಳು ಬಂದಿವೆ. ಜೇಡರ ಬಲೆ ಇದ್ದ ಹಾಗೆ. ನೋವಿಲ್ಲ, ಬಾವಿಲ್ಲ. ನಾನೂ ಹೀಗೇ ಫೋಟೋ ತೆಗೆದು ತೋರಿಸಬೇಕಾ?

ಡಾಪ್ಲರ್ ಸುಮಾ
ಕಮಲಾ ಅವರೇ, ಬೆರಳಾಡಿಸಿದರೆ ಕೈಗೆ ಉಬ್ಬು ಹತ್ತದ, 1 ಮಿ.ಮೀ.ಗಿಂತ ಸಣ್ಣ ಗೆರೆ ಅಂದರೆ ಅದು ಚರ್ಮದ ಸಣ್ಣ ನಾಳ. ಅದೊಂದೇ ಇದ್ದು ಬೇರೆ ತೊಂದರೆ ಇಲ್ಲದಿದ್ದರೆ ಅವಸರವೇನೂ ಇಲ್ಲ, ನೋಡೋಕೆ ಚೆನ್ನಾಗಿಲ್ಲ ಅನ್ನಿಸಿದರೆ ಮಾತ್ರ ಚಿಕಿತ್ಸೆ. ನಿಂತಾಗ 3 ಮಿ.ಮೀ. ಅಥವಾ ಅದಕ್ಕಿಂತ ದಪ್ಪ ಇದ್ದರೆ ಮಾತ್ರ ನಾವು ವೆರಿಕೋಸ್ ಅನ್ನೋದು. ನಡುವಿನವು ಹಸಿರು-ನೀಲಿಯಾಗಿ ಚರ್ಮದಡಿ ಕಾಣುತ್ತವೆ, ಉಬ್ಬಿರೋದಿಲ್ಲ. ಆದರೆ ಇಂಥದೇ ಸಣ್ಣ ಗೆರೆಗಳು ಒಳಗಿನ ಗಿಣ್ಣಿನ ಕೆಳಗೆ ಬೀಸಣಿಗೆಯ ಹಾಗೆ ಗುಂಪಾಗಿ ಹರಡಿದ್ದರೆ ಆ ಕಾಲನ್ನು ತೋರಿಸಬೇಕು. ಮೇಲಿನ ನಾಳದಲ್ಲಿ ಒತ್ತಡ ಹೆಚ್ಚಿರೋದರ ಗುರುತು ಅದು.

ಬಸವರಾಜ ಗದಗ
ನನ್ನ ಬಲಗಾಲಾಗೂ ನರ ಹಿಡದೈತ್ರೀ. ಸೊಂಟದಿಂದ ಹಿಮ್ಮಡಿ ತನಕ ಎಳೀತೈತಿ, ಜೋಮು ಹಿಡೀತೈತಿ. ನಮ್ಮ ಕಡೆ ಒಬ್ರು ನರದ ಡಾಕ್ಟ್ರು ಎಂಆರ್‌ಐ ಮಾಡಸ್ರಿ ಅಂದಾರ. ಚಿಕ್ಕಪ್ಪನ್ನೂ ಅವರ ಕಡೇನ ಕರ್ಕೊಂಡ ಹೋಗ್ರಿ.

ಡಾಪ್ಲರ್ ಸುಮಾ
ಬಸವರಾಜಣ್ಣ, ನಿಮ್ಮದು ಬೇರೆ. ನಮ್ಮ ಭಾಷೆಯಲ್ಲಿ ಎರಡಕ್ಕೂ "ನರ" ಅಂತಲೇ ಅಂತೀವಿ, ಎಡವಟ್ಟು ಆಗೋದು ಅಲ್ಲೇ. ಬೆನ್ನುಹುರಿಯಿಂದ ಬರುವ ನರ ಚರ್ಮದ ಮೇಲೆ ಉಬ್ಬಿ ಕಾಣೋದಿಲ್ಲ. ಕಾಣೋದು ರಕ್ತನಾಳ. ಸೊಂಟದಿಂದ ಎಳೆತ, ಜೋಮು ಇರುವ ನಿಮಗೆ ಅವರು ಹೇಳಿದ ದಾರಿ ಸರಿಯಿರಬಹುದು, ಚಿಕ್ಕಪ್ಪನಿಗೆ ಅಲ್ಲ. ಅವರು ಹೋಗಬೇಕಾದದ್ದು ರಕ್ತನಾಳದ ಸರ್ಜನ್ ಹತ್ತಿರ. ಊರಲ್ಲಿ ಇಲ್ಲದಿದ್ದರೆ ಜನರಲ್ ಸರ್ಜನ್ ಸಾಕು, ಈ ಕಾಯಿಲೆ ಅವರಿಗೆ ಹೊಸದಲ್ಲ. ಡಾಕ್ಟರಿಗೆ ಬರೆಯುವಾಗಲೂ ಬರೀ "ನರ ನೋವು" ಅಂತ ಬರೆಯಬೇಡಿ, "ನಿಂತಾಗ ಉಬ್ಬಿ, ಮಲಗಿದಾಗ ಇಳಿಯುವ ರಕ್ತನಾಳ" ಅನ್ನಿ.

ಹಾಸನದ ಹುಡುಗ
ನೀವು ಹೇಳಿದ ಹಾಗೆ ಇವತ್ತು ಸಂಜೆ ತೆಗೆದೆ. ಮುಖವಿಲ್ಲದಿದ್ದರೂ ಇಲ್ಲಿ ಹಾಕುವುದು ಚಿಕ್ಕಪ್ಪನಿಗೆ ಇಷ್ಟ ಇಲ್ಲ. ಅದಕ್ಕೇ ಕಂಡದ್ದನ್ನು ಬರೀತೀನಿ.

ಎಡಗಾಲಿನಲ್ಲಿ ತೊಡೆಯ ಒಳಬದಿ, ಮಂಡಿಗಿಂತ ಒಂದು ಗೇಣು ಮೇಲಿನಿಂದ ಒಂದು ನಾಳ ಹೊರಟು, ಮಂಡಿಯ ಒಳಬದಿ ಹಾದು, ಮೀನಖಂಡದಲ್ಲಿ ಗಂಟುಗಂಟಾಗಿ ಸುತ್ತಿದೆ. ಒಳಗಿನ ಗಿಣ್ಣಿನ ಮೇಲೆ ಅಂಗೈಯಷ್ಟು ಚರ್ಮ ಕಂದು-ಕಪ್ಪು, ತುರಿಕೆ ಇದೆ. ಎಡ ಪಾದ ಜಾಸ್ತಿ ಬಾತಿದೆ, ಬಲದ್ದೂ ಸ್ವಲ್ಪ ಇದೆ. ಬಲಗಾಲಿನಲ್ಲಿ ನಾಳ ಏನೂ ಕಾಣಲ್ಲ. ಕಪ್ಪಾಗಿರೋದು ಕೆಟ್ಟ ರಕ್ತ ನಿಂತಿದ್ದಕ್ಕೆ, ಅದನ್ನು ಹೊರಗೆ ತೆಗೆಸಬೇಕು ಅಂತ ಪಕ್ಕದ ಮನೆಯವರು ಹೇಳ್ತಿದ್ದಾರೆ.

ಡಾಪ್ಲರ್ ಸುಮಾ
ರಕ್ತ ತೆಗೆಸೋದು, ಜಿಗಣೆ ಬಿಡಿಸೋದು ಯಾವುದೂ ಬೇಡ. ಆ ಚರ್ಮಕ್ಕೆ ಆದ ಗಾಯ ಮಾಯುವುದೇ ಕಷ್ಟ.

ಕಪ್ಪು ಯಾಕೆ ಅಂದರೆ: ನಾಳದೊಳಗೆ ರಕ್ತ ಕೆಳಕ್ಕೆ ಬೀಳದಂತೆ ತಡೆಯುವ ಕವಾಟಗಳಿರುತ್ತವೆ. ಅವು ಸೋತರೆ ನಿಂತಾಗ ರಕ್ತದ ಭಾರವೆಲ್ಲ ಗಿಣ್ಣಿನ ಮೇಲೆ ಕೂರುತ್ತದೆ. ಯಾರೇ ಸುಮ್ಮನೆ ನಿಂತರೂ ಪಾದದ ನಾಳದಲ್ಲಿ ಒತ್ತಡ 80-90 ಮಿ.ಮೀ. ಪಾದರಸದ ಆಸುಪಾಸು ಇರುತ್ತದೆ. ಕವಾಟ ಸರಿಯಿರುವವರು ನಡೆಯತೊಡಗಿದರೆ ಮೀನಖಂಡ ಹಿಂಡಿ ಹಿಂಡಿ ಅದನ್ನು 30ರ ಹತ್ತಿರಕ್ಕೆ ಇಳಿಸುತ್ತದೆ. ಕವಾಟ ಸೋತವರಲ್ಲಿ ಅಷ್ಟು ಇಳಿಯುವುದಿಲ್ಲ. ಕಾವಲಿ ಮುಂದೆ ನಿಂತವರಿಗಂತೂ ಆ ನಡಿಗೆಯೂ ಇಲ್ಲ. ಆ ಒತ್ತಡಕ್ಕೆ ಕೆಂಪು ರಕ್ತಕಣ ಚರ್ಮದೊಳಕ್ಕೆ ಜಿನುಗಿ, ಒಡೆದು, ಅದರ ಕಬ್ಬಿಣದ ಅಂಶ ಅಲ್ಲೇ ಉಳಿಯುತ್ತದೆ. ಕಂದು ಬಣ್ಣ ಅದರದ್ದು. ಹಳೇ ಕಲೆ ಪೂರ್ತಿ ಹೋಗುವುದು ಕಡಿಮೆ.

ಈಗ ಫೋಟೋದಲ್ಲಿ ಕಾಣದ ಮೂರು ಕೆಲಸ ಮಾಡಿ. ಮೊದಲು ಮೊಣಕಾಲಿನ ಕೆಳಗೆ, ಕಣಕಾಲಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಹತ್ತು ಹದಿನೈದು ಸೆಕೆಂಡ್ ಒತ್ತಿ ಬಿಡಿ. ಗಿಣ್ಣಿನ ಹಿಂದೆಯೂ ಹಾಗೇ ಮಾಡಿ. ಕುಳಿ ಬಿದ್ದು ಉಳಿಯುತ್ತದಾ ನೋಡಿ, ಪಕ್ಕದ ಬೆಳಕಿನಲ್ಲಿ ಅದರದ್ದೂ ಒಂದು ಫೋಟೋ ಇರಲಿ. ಎರಡನೆಯದು, ಗಿಣ್ಣಿನ ಮೇಲೆ ಕಾಲು ಅತಿ ಸಣ್ಣಗಿರುವ ಕಡೆ, ಮತ್ತೆ ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಸುತ್ತಳತೆ ತೆಗೆಯಿರಿ. ಎರಡೂ ಕಾಲು, ಸಂಜೆ ಒಮ್ಮೆ, ಬೆಳಗ್ಗೆ ಎದ್ದ ಕೂಡಲೇ ಒಮ್ಮೆ. ಪೆನ್ನಿನಲ್ಲಿ ಗುರುತು ಹಾಕಿಕೊಳ್ಳದಿದ್ದರೆ ಎರಡು ಸಲವೂ ಬೇರೆ ಬೇರೆ ಜಾಗ ಅಳೆದು ಬಿಡ್ತೀರಿ. ಮೂರನೆಯದು, ಕಾಲಿನ ಎರಡನೇ ಬೆರಳಿನ ಬುಡದಲ್ಲಿ ಚರ್ಮ ಚಿವುಟಿ ಎತ್ತಲು ಬರುತ್ತದಾ ನೋಡಿ. ಎತ್ತಲು ಬರದಷ್ಟು ದಪ್ಪವಾಗಿದ್ದರೆ ಬಾವು ದುಗ್ಧರಸ, ಅಂದರೆ ಲಿಂಫ್, ಹರಿಯದೆ ನಿಂತದ್ದು. ಕರಾವಳಿ, ಕಲಬುರಗಿ, ಬೀದರ್ ಕಡೆಯವರಾದರೆ ಆನೆಕಾಲು ರೋಗದ ಪ್ರಶ್ನೆಯೂ ಅಲ್ಲಿಂದಲೇ ಶುರು.

ಔಷಧಿ ಅಂಗಡಿ ನಾಗರಾಜ್
ಸುಮಾ ಮೇಡಂ ನಾಳದ ಕಡೆಯಿಂದ ನೋಡ್ತಿದ್ದಾರೆ, ನಾನು ಮಾತ್ರೆ ಕಡೆಯಿಂದ ಕೇಳ್ತೀನಿ. ಚಿಕ್ಕಪ್ಪ ಬಿಪಿಗೆ ಏನು ತಗೋತಾರೆ? ಬಲಗಾಲಿನಲ್ಲಿ ನಾಳ ಇಲ್ಲದೆ ಬಾವು ಇದೆ ಅಂದ್ರಲ್ಲ.

ಹಾಸನದ ಹುಡುಗ
ಅಮ್ಲೋಡಿಪಿನ್ 10 ಮಿ.ಗ್ರಾಂ., ನಾಲ್ಕು ತಿಂಗಳಿಂದ. ಅದಕ್ಕೂ ಮುಂಚೆ 5 ಇತ್ತು. ಸಕ್ಕರೆ ಕಾಯಿಲೆ ಇಲ್ಲ, ಬೀಡಿ ಸೇದ್ತಾರೆ.

ಅಳತೆ ಆಯ್ತು. ಗಿಣ್ಣಿನ ಮೇಲೆ ಸಂಜೆ ಎಡ 26 ಸೆಂ.ಮೀ., ಬಲ 24. ಬೆಳಗ್ಗೆ ಎಡ 24.5, ಬಲ 23.5. ಮೀನಖಂಡದಲ್ಲಿ ಎಡ ಒಂದೂವರೆ ಸೆಂ.ಮೀ. ಜಾಸ್ತಿ. ಎರಡೂ ಕಾಲಲ್ಲಿ ಕುಳಿ ಬೀಳುತ್ತೆ, ಎಡದಲ್ಲಿ ಆಳ. ಬೆರಳಿನ ಬುಡದ ಚರ್ಮ ಚಿವುಟಲು ಬರುತ್ತೆ.

ಔಷಧಿ ಅಂಗಡಿ ನಾಗರಾಜ್
ನೋಡಿದ್ರಾ. 5 ಇದ್ದದ್ದು 10 ಆದಾಗ ಗಿಣ್ಣು ಬಾತುಕೊಳ್ಳೋದು ಸರ್ವೇಸಾಮಾನ್ಯ. ಎರಡೂ ಕಾಲಿಗೆ ಬರುತ್ತೆ. ಎಷ್ಟೋ ಜನ ಅದಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತಗೊಂಡು ಹೋಗ್ತಾರೆ, ಅದರಿಂದ ಇದು ಅಷ್ಟಾಗಿ ಇಳಿಯಲ್ಲ. ಮೈಯಲ್ಲಿ ನೀರು ಹೆಚ್ಚಾಗಿ ಬಂದ ಬಾವಲ್ಲ ಇದು, ಸಣ್ಣ ನಾಳಗಳು ಹಿಗ್ಗಿ ಹೊರಗೆ ಜಿನುಗಿದ್ದು. ಮಾತ್ರೆ ತಾವಾಗಿಯೇ ನಿಲ್ಲಿಸಬಾರದು, ಬಿಪಿ ಡಾಕ್ಟರನ್ನು ಕೇಳಿ ಬದಲಿಸಬಹುದು.

ಗಿರೀಶ್ ತಿಪಟೂರು
ಹಾಗಾದ್ರೆ ರಾತ್ರಿ ಇಳಿದಿದೆ ಅಂದ್ಮೇಲೆ ನಾಳದ್ದೇ ಬಾವು ಅಂತ ಆಯ್ತಲ್ಲ? ಮಾತ್ರೆದಾದ್ರೆ ಯಾಕೆ ಇಳಿಯುತ್ತೆ?

ಔಷಧಿ ಅಂಗಡಿ ನಾಗರಾಜ್
ಮಾತ್ರೆಯ ಬಾವೂ ಮಲಗಿದರೆ ಇಳಿಯುತ್ತೆ ಗಿರೀಶಣ್ಣ. ಬೆಳಗ್ಗೆ ಇಳಿಯೋದರಿಂದ ಎರಡನ್ನೂ ಬೇರೆ ಮಾಡೋಕಾಗಲ್ಲ.

ಡಾಪ್ಲರ್ ಸುಮಾ
ನಾಗರಾಜ್ ಕೇಳಿದ್ದು ಒಳ್ಳೆಯದಾಯ್ತು. ನನ್ನ ಲೆಕ್ಕದಲ್ಲಿ ಎರಡೂ ಸೇರಿವೆ. ಎರಡೂ ಕಾಲಿಗೆ ಸಮನಾಗಿ ಬಂದಿರುವ ಪಾಲು ಮಾತ್ರೆಯದಿರಬಹುದು, ಎಡಗಾಲಿನ ಹೆಚ್ಚುವರಿ ಪಾಲು ನಾಳದ್ದು. ಆದರೆ ಎರಡೂ ಕಾಲು ಬಾತಿದ್ದರೆ ಹೃದಯ, ಮೂತ್ರಪಿಂಡ, ಯಕೃತ್ತನ್ನೂ ಒಮ್ಮೆ ನೋಡಬೇಕು. ಮೂತ್ರದಲ್ಲಿ ನೊರೆ, ಮಲಗಿದರೆ ಏದುಸಿರು, ಬೆಳಗ್ಗೆ ಮುಖ ಬಾತಿರುವುದು ಇದೆಯಾ ಅಂತ ಕೇಳಿ ಬರೆಯಿರಿ. ಬಹಳ ಜನ ಇವನ್ನು ಕಾಲಿನ ವಿಷಯ ಅಲ್ಲ ಅಂತ ಬಿಟ್ಟುಬಿಡ್ತಾರೆ.

ಡಾಕ್ಟರಿಗೆ ಹೀಗೆ ಬರೆಯಿರಿ, ಅವರು ಮೊದಲ ಓದಿಗೇ ಅರ್ಥ ಮಾಡಿಕೊಳ್ಳುತ್ತಾರೆ:

"ಗಂಡಸು, 54, ದಿನಕ್ಕೆ 10 ಗಂಟೆ ನಿಂತು ಕೆಲಸ. ಫೋಟೋ ಸಂಜೆ, ಐದು ನಿಮಿಷ ನಿಂತ ಮೇಲೆ ತೆಗೆದದ್ದು. ಎಡಗಾಲು: ತೊಡೆಯ ಒಳಬದಿಯಿಂದ ಮಂಡಿಯ ಒಳಬದಿ ಹಾದು ಮೀನಖಂಡದವರೆಗೆ ಉಬ್ಬಿದ, ಸುತ್ತಿಕೊಂಡ ನಾಳ, ಮಲಗಿದರೆ ಇಳಿಯುತ್ತದೆ. ಒಳಗಿನ ಗಿಣ್ಣಿನ ಮೇಲೆ ಅಂಗೈ ಅಗಲ ಕಂದು ಚರ್ಮ, ತುರಿಕೆ. ಹುಣ್ಣು: ಇದೆ/ಇಲ್ಲ. ಗಿಣ್ಣಿನ ಸುತ್ತಳತೆ ಸಂಜೆ ಎಡ 26, ಬಲ 24, ಬೆಳಗ್ಗೆ 24.5, 23.5. ಎರಡೂ ಕಡೆ ಕುಳಿ ಬೀಳುತ್ತದೆ. ಬಾವು ಎಷ್ಟು ಸಮಯದಿಂದ, ನಿಧಾನವಾಗಿ ಬಂತೋ ಥಟ್ಟನೆ ಬಂತೋ. ಅಮ್ಲೋಡಿಪಿನ್ 10, ನಾಲ್ಕು ತಿಂಗಳು. ಧೂಮಪಾನ ಇದೆ. ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಆಪರೇಷನ್, ಮೂಳೆ ಮುರಿತ: ಇದೆ/ಇಲ್ಲ."

ನಾಳದ ದಾರಿ ಬರೆಯೋದು ಯಾಕೆ ಅಂದರೆ ಒಳಬದಿಯಲ್ಲಿ ಬಂದರೆ ತೊಡೆಸಂದಿನವರೆಗೆ ಹೋಗುವ ಉದ್ದದ ನಾಳದ ಮೇಲೆ ಅನುಮಾನ. ಮೀನಖಂಡದ ಹಿಂದೆ ನಡುವಿನಲ್ಲಿದ್ದು ಹೊರಗಿನ ಗಿಣ್ಣಿನ ಹಿಂದಕ್ಕೆ ಇಳಿದರೆ ಮಂಡಿಯ ಹಿಂದೆ ಸೇರುವ ಚಿಕ್ಕದರ ಮೇಲೆ. ಸ್ಕ್ಯಾನ್ ಮಾಡುವವರು ಎಲ್ಲಿ ಶುರು ಮಾಡಬೇಕು ಅನ್ನೋದು ಇದರಿಂದ ಗೊತ್ತಾಗುತ್ತೆ.

ಎಷ್ಟು ಬೇಗ ಅಂದರೆ, ಬರೆದದ್ದಷ್ಟೇ ನೋಡಿದರೆ ತುರ್ತಿಲ್ಲ, ಆದರೆ ಹಬ್ಬ ಮುಗೀಲಿ ಅಂತ ಎಳೆಯುವಂಥದ್ದೂ ಅಲ್ಲ. ಚರ್ಮದ ಬಣ್ಣ ಬದಲಾಗಿದೆ ಅಂದರೆ ಒಂದೆರಡು ವಾರದೊಳಗೆ ಸರ್ಜನ್ ನೋಡಬೇಕು. ಇನ್ನೊಂದು ಸಲ ಹತ್ತಿರದ ಫೋಟೋ ದೊಡ್ಡದು ಮಾಡಿ ಗಿಣ್ಣಿನ ಸುತ್ತ ನೋಡಿ: ಬಿಳಿ ನಕ್ಷತ್ರದ ಹಾಗೆ ಹೊಳೆಯುವ ಕಲೆ, ಹುರುಪೆ, ನಾಳದ ಮೇಲೆ ತೆಳು ನೀಲಿ ಗುಳ್ಳೆ ಇದೆಯಾ?

ಹಾಸನದ ಹುಡುಗ
ಬಿಳಿ ಕಲೆ ಇಲ್ಲ. ಆದರೆ ಗಿಣ್ಣಿನ ಮೇಲೆ ನೇರಳೆ ಬಣ್ಣದ ಕಡಲೆಕಾಳಿನಷ್ಟು ಗುಳ್ಳೆ ಇದೆ. ಮೊದಲಿನ ಫೋಟೋದಲ್ಲಿ ಅದು ಮಚ್ಚೆ ಅಂದುಕೊಂಡಿದ್ದೆ. ಬೆರಳಿಟ್ಟರೆ ಚಪ್ಪಟೆಯಾಗಿ, ಬಿಟ್ಟರೆ ಮತ್ತೆ ತುಂಬುತ್ತೆ. ತುರಿಸಿಕೊಂಡಾಗ ಹೋದ ವಾರ ಒಮ್ಮೆ ಚೂರು ರಕ್ತ ಬಂದಿತ್ತಂತೆ.

ಡಾಪ್ಲರ್ ಸುಮಾ
ಹಾಗಾದರೆ ಎರಡು ವಾರ ಅಂದದ್ದನ್ನು ವಾಪಸ್ ತಗೋತೀನಿ. ನಾಳೆಯೇ ತೋರಿಸಿ. ಸಂದೇಶದ ಮೊದಲ ಸಾಲಿನಲ್ಲೇ "ಒಮ್ಮೆ ರಕ್ತ ಬಂದಿದೆ" ಅಂತ ಬರೆಯಿರಿ. ಆ ಗುಳ್ಳೆ ಅಂದರೆ ನಾಳದ ಗೋಡೆ ತೆಳುವಾಗಿ ಮೇಲೆ ಕಾಗದದಂಥ ಚರ್ಮ ಮಾತ್ರ ಉಳಿದಿದೆ. ಬಿಸಿನೀರಿನ ಸ್ನಾನದಲ್ಲಿ, ಟವೆಲ್ ಉಜ್ಜುವಾಗ ಒಡೆಯಬಹುದು. ನೋವಿರಲ್ಲ, ಆದರೆ ನಿಂತೇ ಇದ್ದರೆ ಚಿಲುಮೆಯ ಹಾಗೆ ಹರಿಯುತ್ತೆ. ನೋವಿಲ್ಲದ್ದಕ್ಕೇ ಗೊತ್ತಾಗದೆ ತುಂಬಾ ರಕ್ತ ಹೋಗಿಬಿಡೋದು.

ಒಡೆದರೆ ತಕ್ಷಣ ನೆಲದ ಮೇಲೆ ಮಲಗಿಸಿ, ಕಾಲನ್ನು ಎದೆಗಿಂತ ಮೇಲೆತ್ತಿ ಕುರ್ಚಿ ಮೇಲಿಡಿ, ಶುಭ್ರ ಬಟ್ಟೆ ಮಡಿಚಿ ಗುಳ್ಳೆಯ ಮೇಲೇ ಒತ್ತಿ ಹಿಡಿಯಿರಿ, ಹತ್ತು ನಿಮಿಷ ನಡುವೆ ಎತ್ತಿ ನೋಡದೆ. ಅದರ ಮೇಲ್ಗಡೆ ದಾರ, ಟವೆಲ್ ಬಿಗಿದು ಕಟ್ಟಬಾರದು. ಕಟ್ಟಿದರೆ ರಕ್ತ ಮೇಲಕ್ಕೆ ಹೋಗದೆ ಸೋರಿಕೆ ಹೆಚ್ಚುತ್ತೆ. ರಕ್ತ ನಿಂತ ಮೇಲೂ ಆವತ್ತೇ ಆಸ್ಪತ್ರೆಗೆ ಹೋಗಿ. ನಿಲ್ಲದಿದ್ದರೆ 108.

ಕಮಲಾ ಸಾಗರ
ಅಬ್ಬಾ, ಮಚ್ಚೆ ಅಂದುಕೊಂಡು ಬಿಟ್ಟಿದ್ರೆ! ಮೇಡಂ, ರಕ್ತ ಬಿಟ್ಟು ಬೇರೆ ಯಾವಾಗ ಓಡಬೇಕು?

ಡಾಪ್ಲರ್ ಸುಮಾ
ಒಂದೇ ಕಾಲು ಎರಡು ಮೂರು ದಿನದಲ್ಲಿ ಹೊಸದಾಗಿ ಬಾತು, ಮೀನಖಂಡ ನೋವು, ಬಿಸಿ ಇದ್ದರೆ ಆವತ್ತೇ. ಇತ್ತೀಚೆಗೆ ಆಪರೇಷನ್, ಪ್ಲಾಸ್ಟರ್, ಹೆರಿಗೆ ಆಗಿದ್ದರೆ, ಬಹಳ ದಿನ ಹಾಸಿಗೆ ಹಿಡಿದಿದ್ದರೆ ಇನ್ನೂ ಬೇಗ. ಒಳಗಿನ ನಾಳದಲ್ಲಿ ಹೆಪ್ಪು ಇರಬಹುದು, ಆ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ. ಜೊತೆಗೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ ಕಾಲಿನ ಯೋಚನೆ ಬಿಟ್ಟು ಆಂಬ್ಯುಲೆನ್ಸ್. ಉಬ್ಬಿದ ನಾಳವೇ ಹಗ್ಗದ ಹಾಗೆ ಗಟ್ಟಿಯಾಗಿ, ಮುಟ್ಟಿದರೆ ನೋಯುತ್ತಾ, ಮಲಗಿದರೂ ಇಳಿಯದಿದ್ದರೆ ಒಂದೆರಡು ದಿನದಲ್ಲಿ ಸ್ಕ್ಯಾನ್ ಬೇಕು. ಆ ಗಟ್ಟಿ ತೊಡೆಯಲ್ಲಿ ಮೇಲಕ್ಕೆ ಏರುತ್ತಿದ್ದರೆ ಆವತ್ತೇ.

ಫೋಟೋ ನಂಬಿ ಮೋಸ ಹೋಗೋದು ಇಲ್ಲೇ. ನಮ್ಮ ಚರ್ಮದ ಬಣ್ಣದಲ್ಲಿ ಉರಿಯೂತದ ಕೆಂಪು ಕಾಣಲ್ಲ, ಬರೀ ಸ್ವಲ್ಪ ಗಾಢ, ನೇರಳೆಯಾಗಿ ಕಾಣುತ್ತೆ. ಫೋನು ಬೇರೆ ಚರ್ಮ ನಯ ಮಾಡಿ ಬೆಳ್ಳಗೆ ಮಾಡಿರುತ್ತೆ. ಅಂಗೈ ಬೆನ್ನಿನಿಂದ ಎರಡೂ ಕಾಲು ಮುಟ್ಟಿ, ಯಾವುದು ಬಿಸಿ ಅಂತ ಬರೆಯಿರಿ.

ಗಿರೀಶ್ ತಿಪಟೂರು
ಅಲ್ಲಿಯವರೆಗೆ ಮೆಡಿಕಲ್‌ನಿಂದ ಬಿಗಿ ಕಾಲುಚೀಲ ತಂದು ಹಾಕಿಸಲಿ, ಬಾವು ಇಳಿಯುತ್ತೆ.

ಔಷಧಿ ಅಂಗಡಿ ನಾಗರಾಜ್
ಅಂಗಡಿಯವನಾಗಿ ನಾನೇ ಹೇಳ್ತೀನಿ, ಈಗ ಬೇಡ. ಬೀಡಿ ಸೇದ್ತಾರೆ, ಕಾಲಿಗೆ ರಕ್ತ ಇಳಿಸುವ ನಾಳ ಕಿರಿದಾಗಿದ್ದರೆ ಬಿಗಿ ಚೀಲ ಪಾದಕ್ಕೆ ಹೋಗುವ ರಕ್ತವನ್ನೂ ತಡೆಯುತ್ತೆ. ಮೊದಲು ಪಾದದ ನಾಡಿ ನೋಡಿಸಿ, ಕೈಯ ಬಿಪಿಯನ್ನೂ ಕಾಲಿನ ಗಿಣ್ಣಿನ ಬಿಪಿಯನ್ನೂ ಹೋಲಿಸಿ ನೋಡಿಸಿ. ಅಳತೆ ತೆಗೆಯದೆ ತಂದದ್ದು ಮಂಡಿ ಕೆಳಗೆ ಸುರುಳಿ ಸುತ್ತಿ ದಾರ ಬಿಗಿದ ಹಾಗೆ ಆಗುತ್ತೆ. ಮೇಲಾಗಿ ಆ ಗುಳ್ಳೆಯ ಮೇಲೆ ಚೀಲ ಎಳೆದರೆ ಅಲ್ಲೇ ಒಡೆಯುತ್ತೆ.

ಹಾಸನದ ಹುಡುಗ
ಇವತ್ತು ಇಲ್ಲಿಯ ಸರ್ಜನ್ ನೋಡಿದರು. ಗುಳ್ಳೆಯ ಮೇಲೆ ಪಟ್ಟಿ ಕಟ್ಟಿದ್ದಾರೆ, ಕೆಲಸಕ್ಕೆ ಒಂದು ವಾರ ಬೇಡ ಅಂದರು. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದ್ವಿ. ರಿಪೋರ್ಟಿನಲ್ಲಿ "ಆಳದ ನಾಳದಲ್ಲಿ ಹೆಪ್ಪು ಇಲ್ಲ" ಅಂತ ಒಂದೇ ಸಾಲು. ಸ್ಕ್ಯಾನಿನವರು ಎಲ್ಲಾ ನಾರ್ಮಲ್ ಅಂದರು. ಹಾಗಾದರೆ ನಾಳ ಸರಿಯಿದೆಯಾ?

ಡಾಪ್ಲರ್ ಸುಮಾ
ಮಲಗಿಸಿ ಮಾಡಿದರಾ, ನಿಲ್ಲಿಸಿ ಮಾಡಿದರಾ?

ಹಾಸನದ ಹುಡುಗ
ಮಲಗಿಸಿ. ಐದು ನಿಮಿಷದಲ್ಲಿ ಮುಗೀತು.

ಡಾಪ್ಲರ್ ಸುಮಾ
ಅವರು ಹೆಪ್ಪು ಇದೆಯಾ ಅಂತ ಮಾತ್ರ ನೋಡಿದ್ದಾರೆ. ಅದಕ್ಕೆ ಉತ್ತರ ಸಿಕ್ಕಿದೆ, ಒಳ್ಳೇದೇ. ಕವಾಟ ಸೋರುತ್ತಿದೆಯಾ ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ನಿಲ್ಲಿಸಿ, ಮೀನಖಂಡ ಹಿಂಡಿ ಬಿಟ್ಟು, ರಕ್ತ ಎಷ್ಟು ಹೊತ್ತು ಹಿಂದಕ್ಕೆ ಬೀಳುತ್ತೆ ಅಂತ ಅಳೀಬೇಕು. ಚರ್ಮದಡಿಯ ನಾಳದಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಬಿದ್ದರೆ ಸೋರಿಕೆ, ಅಂದರೆ ರಿಫ್ಲಕ್ಸ್, ಅಂತ ಲೆಕ್ಕ. ಎರಡೂ ಕಾಲು ಸರಿಯಾಗಿ ಮಾಡಿದರೆ ಅರ್ಧ ಗಂಟೆಗೂ ಹೆಚ್ಚು ಬೇಕು. ಸರ್ಜನ್ ಚೀಟಿಯಲ್ಲಿ "ನಿಂತ ಭಂಗಿಯಲ್ಲಿ ವೀನಸ್ ಡಾಪ್ಲರ್, ರಿಫ್ಲಕ್ಸ್ ನೋಡಿ" ಅಂತ ಬರೆಸಿಕೊಳ್ಳಿ. ಬರೆಯದಿದ್ದರೆ ಇನ್ನೊಂದು ಕಡೆ ಹೋದರೂ ಇದೇ ಒಂದು ಸಾಲು ಬರುತ್ತೆ.

ಔಷಧಿ ಅಂಗಡಿ ನಾಗರಾಜ್
ಅಷ್ಟರಲ್ಲಿ ಬಿಪಿ ಡಾಕ್ಟರು ಮಾತ್ರೆ ಬದಲಿಸಿದರೆ ಎರಡು ವಾರ ಬಿಟ್ಟು ಅದೇ ಗುರುತಿನ ಮೇಲೆ ಮತ್ತೆ ಅಳೆಯಿರಿ. ಬಲಗಾಲು ಇಳಿದು ಎಡ ಹಾಗೇ ಇದ್ದರೆ ಮಾತ್ರೆಯ ಪಾಲು ಇದ್ದದ್ದು ನಿಜ.

ಡಾಪ್ಲರ್ ಸುಮಾ
ಆ ಎರಡು ವಾರದಲ್ಲಿ ಒಂದು ವಾರ ಚಿಕ್ಕಪ್ಪ ಕಾವಲಿ ಮುಂದೆ ನಿಂತಿರೋದಿಲ್ಲ ನಾಗರಾಜ್. ಇಳಿದದ್ದು ಮಾತ್ರೆ ಬದಲಿಸಿದ್ದಕ್ಕೋ, ರಜೆಗೋ ಅಂತ ಹೇಗೆ ಹೇಳ್ತೀರಿ? ಅವರು ಕೆಲಸಕ್ಕೆ ಮರಳಿ ಒಂದು ವಾರ ಆದಮೇಲೆ, ಅದೇ ಸಂಜೆ ಹೊತ್ತಿಗೆ ಅಳೆಯಲಿ.

ಹಾಸನದ ಹುಡುಗ
ಪೆನ್ನಿನ ಗುರುತು ಸ್ನಾನಕ್ಕೆ ಅಳಿಸಿದೆ. ಮಂಡಿ ಕೆಳಗಿನ ಮೂಳೆಯಿಂದ ಗಿಣ್ಣಿನ ಅಳತೆ ಜಾಗ ಎಷ್ಟು ಸೆಂ.ಮೀ. ಅಂತ ಈಗ ಬರೆದಿಟ್ಟುಕೊಂಡೆ, 27. ನಿಂತು ಮಾಡುವ ಸ್ಕ್ಯಾನ್ ಗುರುವಾರಕ್ಕೆ ಸಿಕ್ಕಿದೆ, ರಿಪೋರ್ಟ್ ಬಂದಮೇಲೆ ಇಲ್ಲೇ ಹಾಕ್ತೀನಿ.